ಒಂದೇ ಹಾಳೆಯಲ್ಲಿ ಮೂರು ಬಗೆಯ ಗಂಟೆ

ರಾತ್ರಿ ಬಸ್ಸಿನ ಹಳೆಯ ವೇಳಾಪಟ್ಟಿಯೊಂದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸಿದ್ದೀರಿ ಎಂದುಕೊಳ್ಳಿ. ಬೆಂಗಳೂರಿನಿಂದ ಹಾಸನ, ಸಕಲೇಶಪುರದ ಮೇಲೆ ಹಾದು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವ ಬಸ್ಸು. ದಾರಿ ನಿಜವಾದದ್ದು, ವೇಳೆಗಳನ್ನು ಮಾತ್ರ ವಿವರಣೆಗಾಗಿ ನಾನು ಜೋಡಿಸಿದ್ದೇನೆ. ಅಕ್ಷರ ಗುರುತಿಸುವ ತಂತ್ರಾಂಶ ಆ ಹಾಳೆಯಿಂದ ಓದಿ ಕೊಟ್ಟದ್ದು ಇಷ್ಟು:

```
ಬೆಂಗಳೂರು         ರಾ. 9.45
ನೆಲಮಂಗಲ         22.30
ಚನ್ನರಾಯಪಟ್ಟಣ     12.20
ಚಹಾ              0.20
ಹಾಸನ             0.45
ಸಕಲೇಶಪುರ        2.20 AM
ಉಪ್ಪಿನಂಗಡಿ        1.45
ಮಂಗಳೂರು         ಬೆ. 5.3O
ಒಟ್ಟು             7.45
```

ಬೆಂಗಳೂರಿನ ಸಾಲು ಹನ್ನೆರಡು ಗಂಟೆಯ ಲೆಕ್ಕದಲ್ಲಿದೆ, ನೆಲಮಂಗಲದ್ದು ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ. ಚಹಾದ ಎದುರಿಗಿರುವುದು ವೇಳೆಯೇ ಅಲ್ಲ, ಬಸ್ಸು ನಿಲ್ಲುವ ಅವಧಿ. ಇಂಥ ಕಲಬೆರಕೆ ಬರೆದವರ ಅಜಾಗರೂಕತೆಯಿಂದಲೇ ಆಗಬೇಕೆಂದಿಲ್ಲ. ಹೊರಡುವ, ತಲುಪುವ ಹೊತ್ತನ್ನು ಪ್ರಯಾಣಿಕರಿಗೆ ಅರ್ಥವಾಗುವಂತೆ ಬರೆದು, ನಡುವಿನ ಒಂದೆರಡನ್ನು ಡಿಪೋದ ಶೆಡ್ಯೂಲಿನಿಂದ ಎತ್ತಿಕೊಂಡು, ಉಳಿದ ಕಡೆ ಚಾಲಕನಿಗೆ ಬೇಕಾದ ಓಟದ ಅವಧಿಯನ್ನಷ್ಟೇ ತುಂಬಿದರೆ ಹಾಳೆ ಹೀಗಾಗುತ್ತದೆ. ಅದನ್ನು ದಿನವೂ ನೋಡುವ ಸಂಚಾರ ನಿಯಂತ್ರಕರಿಗೆ ಯಾವುದು ಏನೆಂದು ಗೊತ್ತಿರುತ್ತದೆ. ಕಂಪ್ಯೂಟರಿಗೆ ಮಾತ್ರ ಒಂಬತ್ತೂ ಸಾಲು ಒಂದೇ ಥರ ಕಾಣುತ್ತವೆ.

ಮೊದಲ ಹಾನಿ ಆಗುವುದು ಪಠ್ಯವನ್ನು ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟಿಗೆ ಅಂಟಿಸುವ ಕ್ಷಣದಲ್ಲೇ. ಅದರ ಕಣ್ಣಿಗೆ 22.30 ಒಂದು ದಶಮಾಂಶ ಸಂಖ್ಯೆ. ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ತೆಗೆದು 22.3 ಎಂದು ಇಟ್ಟುಕೊಳ್ಳುತ್ತದೆ. ನಮ್ಮಲ್ಲಿ ಅನೇಕರು 9-45 ಎಂದು ಅಡ್ಡಗೆರೆ ಹಾಕಿ ವೇಳೆ ಬರೆಯುತ್ತಾರಲ್ಲ, ಅದನ್ನು ಸೆಪ್ಟೆಂಬರ್ ತಿಂಗಳೆಂದು ತಿಳಿದು ತಾರೀಖಾಗಿಸಿಬಿಡುತ್ತದೆ. ಹಾಗಾಗಿ ಅಂಟಿಸುವ ಮೊದಲೇ ಆ ಕಾಲಂ ಅನ್ನು ಪಠ್ಯದ ರೂಪಕ್ಕೆ, ಅಂದರೆ `Text` ಎಂಬ ಆಯ್ಕೆಗೆ, ಬದಲಿಸಿಕೊಳ್ಳಬೇಕು. ಅಂಟಿಸಿದ ಮೇಲೆ ಬದಲಿಸಿದರೆ ಹೋದ ಸೊನ್ನೆ ತಿರುಗಿ ಬರುವುದಿಲ್ಲ. ಆಗಲೇ ಹೋಗಿದ್ದರೂ ಒಂದು ದಾರಿ ಉಳಿದಿರುತ್ತದೆ. ಹಾಳೆಯಲ್ಲಿ ನಿಮಿಷಗಳನ್ನು ತಪ್ಪದೆ ಎರಡಂಕಿಯಲ್ಲಿ ಬರೆದಿದ್ದರೆ 22.03 ಎಂಬುದು ಹಾಗೆಯೇ ಉಳಿಯುತ್ತದೆ, ಆದ್ದರಿಂದ ಒಂಟಿ 3 ಕಂಡಲ್ಲಿ ಅದು ಮೂವತ್ತೇ.

ಈ ಮೂಲ ಪಠ್ಯದ ಕಾಲಂ ಅನ್ನು ಕೊನೆಯವರೆಗೂ ಮುಟ್ಟಬಾರದು. ಅದರ ಪಕ್ಕದಲ್ಲಿ ಎರಡು ಹೊಸ ಕಾಲಂ ತೆರೆಯಿರಿ. ಒಂದರಲ್ಲಿ ಆ ಸಾಲು ವೇಳೆಯೋ ಅವಧಿಯೋ ಎಂಬ ಗುರುತು. ಇನ್ನೊಂದರಲ್ಲಿ ಬಸ್ಸು ಹೊರಟ ದಿನದ ನಡುರಾತ್ರಿ ಸೊನ್ನೆಯಿಂದ ಎಣಿಸಿದ ನಿಮಿಷಗಳು. ರಾತ್ರಿ 9.45 ಎಂದರೆ 21 ಗಂಟೆ 45 ನಿಮಿಷ, ಅಂದರೆ 1305. ನೇರವಾಗಿ ಗಂಟೆ-ನಿಮಿಷದಲ್ಲೇ ಕೆಲಸ ಮಾಡಬಹುದಲ್ಲ ಎನಿಸಬಹುದು. ಆದರೆ ಗಡಿಯಾರ ನಡುರಾತ್ರಿಗೆ ಸೊನ್ನೆಗೆ ಮರಳುತ್ತದೆ, ನಿಮಿಷಗಳ ಎಣಿಕೆ ಏರುತ್ತಲೇ ಹೋಗುತ್ತದೆ. ಈ ಇಡೀ ಕೆಲಸದಲ್ಲಿ ನಮಗೆ ಸಿಗುವ ಅತಿ ಗಟ್ಟಿ ಸಾಕ್ಷಿಯೇ ಆ ಏರಿಕೆ: ಬಸ್ಸು ಮುಂದಿನ ಊರನ್ನು ಹಿಂದಿನ ಊರಿಗಿಂತ ತಡವಾಗಿಯೇ ತಲುಪಬೇಕು.

ಹನ್ನೆರಡು ಗಂಟೆಯ ಲೆಕ್ಕವನ್ನು ಬದಲಿಸುವ ಸೂತ್ರ ಚಿಕ್ಕದು. ಪಿ.ಎಂ. ಇದ್ದರೆ ಹನ್ನೆರಡು ಕೂಡಿಸಿ, ಎ.ಎಂ. ಇದ್ದರೆ ಹಾಗೇ ಬಿಡಿ. ಹನ್ನೆರಡರ ಗಂಟೆಗೆ ಮಾತ್ರ ಬೇರೆ ನಿಯಮ: ಮಧ್ಯಾಹ್ನದ ಹನ್ನೆರಡು ಹನ್ನೆರಡಾಗಿಯೇ ಉಳಿಯುತ್ತದೆ, ನಡುರಾತ್ರಿಯ ಹನ್ನೆರಡು ಸೊನ್ನೆಯಾಗುತ್ತದೆ. ಕನ್ನಡದ ಹಾಳೆಗಳಲ್ಲಿ ಇದಕ್ಕಿಂತ ಹೆಚ್ಚು ತಪ್ಪಾಗುವುದು ‘ರಾ.’ ಎಂಬ ಗುರುತಿನಿಂದ. ಅದನ್ನು ಪಿ.ಎಂ. ಎಂದೇ ಹಿಡಿದು ಎಲ್ಲಕ್ಕೂ ಹನ್ನೆರಡು ಕೂಡಿಸುವವರಿದ್ದಾರೆ. ರಾತ್ರಿ ಒಂಬತ್ತಕ್ಕೆ ಅದು ಸರಿ. ಆದರೆ ನಾವು ರಾತ್ರಿ ಒಂದು, ರಾತ್ರಿ ಎರಡು ಎಂದೂ ಹೇಳುತ್ತೇವೆ. ಅವಕ್ಕೆ ಹನ್ನೆರಡು ಕೂಡಿಸಿದರೆ ಬಸ್ಸು ಮಟಮಟ ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ‘ರಾ.’ ಇರುವ ಸಾಲಿನಲ್ಲಿ ಗಂಟೆಯ ಅಂಕಿಯನ್ನೂ ನೋಡಬೇಕು. ಏಳರಿಂದ ಹನ್ನೊಂದರವರೆಗೆ ಹನ್ನೆರಡು ಕೂಡಿಸಿ. ಹನ್ನೆರಡಾದರೆ ಸೊನ್ನೆ ಮಾಡಿ. ಒಂದರಿಂದ ನಾಲ್ಕಾದರೆ ಇದ್ದಂತೆಯೇ ಬಿಡಿ. ಕೊನೆಯ ಎರಡರಲ್ಲಿ ತಾರೀಖು ಒಂದು ಮುಂದೆ ಹೋಗಿದೆಯೇ ಎಂದೂ ನೋಡಿಕೊಳ್ಳಿ.

ಈಗ ಹಾಳೆಗೆ ಬರೋಣ. ಬೆಂಗಳೂರು 1305, ನೆಲಮಂಗಲ 1350. ಇವೆರಡರಲ್ಲಿ ಗೊಂದಲವಿಲ್ಲ. ಚನ್ನರಾಯಪಟ್ಟಣದ 12.20ಕ್ಕೆ ಯಾವ ಗುರುತೂ ಇಲ್ಲ. ಅದು ಮಧ್ಯಾಹ್ನವಾದರೆ ನೆಲಮಂಗಲದಿಂದ ಹದಿನಾಲ್ಕು ಗಂಟೆಯ ಹತ್ತಿರ ಹಿಡಿದಂತಾಯಿತು. ನಡುರಾತ್ರಿ ದಾಟಿದ ಹನ್ನೆರಡೂ ಇಪ್ಪತ್ತಾದರೆ ಒಂದು ಗಂಟೆ ಐವತ್ತು ನಿಮಿಷ. ಸುಮಾರು 120 ಕಿಲೋಮೀಟರಿಗೆ ರಾತ್ರಿಯ ಹೆದ್ದಾರಿಯಲ್ಲಿ ಅದು ಹೊಂದುವ ಮಾತು. ಇಲ್ಲಿ ದಿನ ಬದಲಾಗಿದೆ, ಆದ್ದರಿಂದ ಮೊದಲ ದಿನದ 1440 ನಿಮಿಷಕ್ಕೆ 20 ಸೇರಿಸಿ 1460 ಎಂದು ಬರೆಯುತ್ತೇವೆ.

ಮುಂದಿನ ಎರಡು ಸಾಲುಗಳಲ್ಲಿ ನಿಜವಾದ ಬಲೆಯಿದೆ. ಚಹಾದ ಎದುರಿನ 0.20 ಇಪ್ಪತ್ತನಾಲ್ಕು ಗಂಟೆಯ ವೇಳೆಯೂ ಆಗಬಹುದು. ಹಾಗೆ ಓದಿದರೆ ಅದು ಚನ್ನರಾಯಪಟ್ಟಣ ತಲುಪಿದ ಹೊತ್ತೇ ಆಗುತ್ತದೆ. ‘ಹಿಂದಿನ ಸಾಲಿಗಿಂತ ಕಡಿಮೆಯಿರಬಾರದು’ ಎಂದು ಪರೀಕ್ಷೆ ಇಟ್ಟಿದ್ದರೆ ಸಮನಾದ ಈ ಸಂಖ್ಯೆ ಸದ್ದಿಲ್ಲದೆ ಪಾಸಾಗುತ್ತದೆ. ಆದ್ದರಿಂದ ಪರೀಕ್ಷೆಯನ್ನು ‘ಹಿಂದಿನದಕ್ಕಿಂತ ಹೆಚ್ಚೇ ಇರಬೇಕು’ ಎಂದು ಬಿಗಿ ಮಾಡಬೇಕು. ಹಾಸನದ 0.45 ಆ ಬಿಗಿ ಪರೀಕ್ಷೆಯನ್ನೂ ದಾಟುತ್ತದೆ, ಏಕೆಂದರೆ ನಡುರಾತ್ರಿ ದಾಟಿ ನಲವತ್ತೈದು ನಿಮಿಷ ಎಂಬುದು ಇಪ್ಪತ್ತಕ್ಕಿಂತ ದೊಡ್ಡದೇ. ಅದನ್ನು ಹಿಡಿಯುವುದು ದೂರ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಮೂವತ್ತೈದು ಕಿಲೋಮೀಟರಿಗಿಂತ ಹೆಚ್ಚಿದೆ. ಅಷ್ಟು ದೂರವನ್ನು ಬಸ್ಸು ಚಹಾಕ್ಕೂ ನಿಂತು ಇಪ್ಪತ್ತೈದು ನಿಮಿಷದಲ್ಲಿ ಮುಗಿಸಲಾರದು. ಅಂದಮೇಲೆ ಎರಡೂ ಅವಧಿಗಳೇ. ಚಹಾ ಮುಗಿಸಿ ಹೊರಡುವುದು 1480ಕ್ಕೆ, ಹಾಸನ 1525ಕ್ಕೆ, ಅಂದರೆ ಒಂದೂ ಇಪ್ಪತ್ತೈದಕ್ಕೆ.

ಅವಧಿ ತಾನಾಗಿ ವೇಳೆಯಾಗುವುದಿಲ್ಲ, ಅದನ್ನು ಯಾವುದಾದರೂ ವೇಳೆಗೆ ಕಟ್ಟಬೇಕು. ಯಾವುದಕ್ಕೆ ಕಟ್ಟಬೇಕೆಂಬುದು ಪ್ರತಿ ಸಲವೂ ತೀರ್ಮಾನಿಸಬೇಕಾದ ವಿಷಯ. ಹಾಸನದ ನಲವತ್ತೈದು ನಿಮಿಷವನ್ನು ಚಹಾ ಮುಗಿದ ಮೇಲೆ ಎಣಿಸಿದ್ದಾರೋ, ಚನ್ನರಾಯಪಟ್ಟಣ ಮುಟ್ಟಿದಾಗಿನಿಂದಲೋ? ಮೊದಲನೆಯದಾದರೆ ಹಾಸನದಿಂದ ಸಕಲೇಶಪುರದ ಸುಮಾರು 40 ಕಿಲೋಮೀಟರಿಗೆ ಐವತ್ತೈದು ನಿಮಿಷ ಉಳಿಯುತ್ತದೆ. ಎರಡನೆಯದಾದರೆ ಎಪ್ಪತ್ತೈದು ನಿಮಿಷ. ಮೊದಲನೆಯದೇ ಹೆಚ್ಚು ಸಹಜ, ಆದರೆ ಹಾಸನದಲ್ಲಿ ಬಸ್ಸು ತುಸು ನಿಲ್ಲುವುದಿದ್ದರೆ ಎರಡನೆಯದನ್ನೂ ತಳ್ಳಿಹಾಕಲಾಗದು. ಇಂಥಲ್ಲಿ ಅದೇ ದಾರಿಯ ಇನ್ನೊಂದು ಟ್ರಿಪ್ಪಿನ ಹಾಳೆ ನೋಡಬೇಕು. ಅದು ಸಿಗುವವರೆಗೆ ಸಾಲಿನ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಇರಲೇಬೇಕು.

ಸಕಲೇಶಪುರ ಸ್ಪಷ್ಟವಾಗಿದೆ: 1580. ಉಪ್ಪಿನಂಗಡಿಯ 1.45 ವೇಳೆಯಾಗಿದ್ದರೆ ಬಸ್ಸು ಹಿಂದಕ್ಕೆ ಓಡಿದಂತಾಗುತ್ತದೆ, ಇಲ್ಲವೇ ಮರುದಿನ ಮಧ್ಯಾಹ್ನ ತಲುಪಿದಂತೆ. ಬೆಂಗಳೂರಿನಿಂದ ಒಟ್ಟು ಹಿಡಿದ ಅವಧಿ ಎಂದರೆ ರಾತ್ರಿ ಹನ್ನೊಂದೂವರೆ ಬರುತ್ತದೆ, ಅದೂ ಆಗದು. ಸಕಲೇಶಪುರದಿಂದ ಓಟದ ಅವಧಿ ಎಂಬುದೊಂದೇ ನಿಲ್ಲುವ ಅರ್ಥ.

ಆದರೆ ಆ 1.45 ಎಷ್ಟು ನಿಮಿಷ? ಚುಕ್ಕಿಯನ್ನು ಗಂಟೆ-ನಿಮಿಷದ ನಡುವಿನ ಗುರುತೆಂದು ಓದಿದರೆ 105. ದಶಮಾಂಶವೆಂದು ಓದಿದರೆ, ಅಂದರೆ ಒಂದು ಗಂಟೆಯ ಮೇಲೆ ಗಂಟೆಯ ನೂರರಲ್ಲಿ ನಲವತ್ತೈದು ಭಾಗವೆಂದರೆ, 87. ಹದಿನೆಂಟು ನಿಮಿಷದ ಈ ವ್ಯತ್ಯಾಸ ಏರಿಕೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಒಟ್ಟು ಅವಧಿಯ ಪರೀಕ್ಷೆಯಲ್ಲೂ ಇಲ್ಲ, ಏಕೆಂದರೆ ಅದು ಹೊರಟ ಮತ್ತು ಮುಟ್ಟಿದ ಎರಡು ತುದಿಗಳನ್ನಷ್ಟೇ ನೋಡುತ್ತದೆ. ಇದಕ್ಕೆ ಇಡೀ ಹಾಳೆಯನ್ನು ಒಟ್ಟಿಗೆ ಕೇಳಬೇಕು. ಚುಕ್ಕಿಯ ನಂತರ 59 ದಾಟಿದ ಅಂಕಿ, 2.75ರಂಥದ್ದು, ಎಲ್ಲಾದರೂ ಇದ್ದರೆ ಬರೆದವರು ದಶಮಾಂಶ ಬಳಸಿರಬಹುದು. ಒಂದೂ ಇಲ್ಲದಿದ್ದರೆ, ಸಾಲುಗಳು ಹೆಚ್ಚಿದಷ್ಟೂ, ನಿಮಿಷದ ಪಕ್ಷ ಬಲವಾಗುತ್ತದೆ. ನಮ್ಮ ಹಾಳೆಯಲ್ಲಿ ಇನ್ನೂ ನೇರವಾದ ಸಾಕ್ಷಿಯಿದೆ. ರಾತ್ರಿ 9.45ರಿಂದ ಬೆಳಿಗ್ಗೆ 5.30ಕ್ಕೆ ಏಳು ಗಂಟೆ ನಲವತ್ತೈದು ನಿಮಿಷ, ಕೆಳಗೆ ಒಟ್ಟು 7.45 ಎಂದಿದೆ. ಅದನ್ನು ದಶಮಾಂಶವಾಗಿ ಓದಿದ್ದರೆ 7 ಗಂಟೆ 27 ನಿಮಿಷವಾಗುತ್ತಿತ್ತು, ತಾಳೆಯಾಗುತ್ತಿರಲಿಲ್ಲ. ಬರೆದವರ ರೂಢಿ ಗೊತ್ತಾಯಿತು. ಉಪ್ಪಿನಂಗಡಿ 1685, ಮಂಗಳೂರು 1770.

ಮಂಗಳೂರಿನ 5.3O ದಲ್ಲಿ ಕೊನೆಯದು ಸೊನ್ನೆಯಲ್ಲ, ಇಂಗ್ಲಿಷಿನ ಓ ಅಕ್ಷರ. ಇಂಥದ್ದನ್ನು ಸೂತ್ರವೇ ತಿರಸ್ಕರಿಸುವುದರಿಂದ ಹೆಚ್ಚು ಅಪಾಯವಿಲ್ಲ. ಅಂಕಿಯೊಂದು ಇನ್ನೊಂದು ಅಂಕಿಯಾಗಿ ಓದಿಸಿಕೊಂಡಾಗಲೇ ತೊಂದರೆ. ಕನ್ನಡ ಅಂಕಿಗಳ ಹಾಳೆಯಲ್ಲಿ ೬ ಮತ್ತು ೯ ಮಾಸಿದ ಸ್ಕ್ಯಾನಿನಲ್ಲಿ ಅದಲುಬದಲಾಗುತ್ತವೆ. ಗಂಟೆಯಲ್ಲಿ ಹಾಗಾದರೆ ಮೂರು ಗಂಟೆಯ ವ್ಯತ್ಯಾಸ ಬಂದು ಸಾಲಿನ ಏರಿಕೆ ಕೆಡುತ್ತದೆ, ಸಿಕ್ಕಿಬೀಳುತ್ತದೆ. ನಿಮಿಷದ ಮೊದಲ ಅಂಕಿ ಐದನ್ನು ಮೀರುವಂತಿಲ್ಲವಾದ್ದರಿಂದ ಅಲ್ಲಿಯೂ ಸಿಕ್ಕಿಬೀಳುತ್ತದೆ. ನಿಮಿಷದ ಕೊನೆಯ ಅಂಕಿಯಲ್ಲಿ, ೨೬ ಮತ್ತು ೨೯ರ ನಡುವೆ, ಯಾವ ಲೆಕ್ಕವೂ ಸಹಾಯಕ್ಕೆ ಬಾರದು. ಸ್ಕ್ಯಾನನ್ನು ದೊಡ್ಡದು ಮಾಡಿ ಕಣ್ಣಿಂದಲೇ ನೋಡಬೇಕು.

ನಿಮಿಷಗಳ ಕಾಲಂ ಒಮ್ಮೆ ಸರಿಯಾದರೆ ಉಳಿದದ್ದು ಸಲೀಸು. ಸ್ಪ್ರೆಡ್‌ಶೀಟಿಗೆ ಒಂದು ದಿನವೆಂದರೆ ಒಂದು ಎಂಬ ಸಂಖ್ಯೆ, ಮಧ್ಯಾಹ್ನ ಹನ್ನೆರಡೆಂದರೆ ಅರ್ಧ. ನಿಮಿಷಗಳನ್ನು 1440ರಿಂದ ಭಾಗಿಸಿದರೆ ಅದು ವೇಳೆಯೆಂದು ಗುರುತಿಸುತ್ತದೆ. ನಿಮಿಷಗಳು `C` ಕಾಲಂನಲ್ಲಿದ್ದರೆ ಮೂರು ಸೂತ್ರ ಸಾಕು: ಗಡಿಯಾರದ ವೇಳೆಗೆ, ಎಷ್ಟನೆಯ ದಿನವೆಂದು ತಿಳಿಯಲು, ಏರಿಕೆಯ ಪರೀಕ್ಷೆಗೆ.

```
=MOD(C2,1440)/1440
=INT(C2/1440)
=IF(C3>C2,"","ನೋಡಿ")
```

ಮೊದಲನೆಯದಕ್ಕೆ `hh:mm` ರೂಪ ಕೊಟ್ಟರೆ ಹಾಸನದ ಎದುರು 01:25 ಕಾಣುತ್ತದೆ, ಎರಡನೆಯದು ಪಕ್ಕದಲ್ಲಿ 1 ಎಂದು ಬರೆದು ಮರುದಿನವೆಂದು ತಿಳಿಸುತ್ತದೆ. ದಿನದ ಕಾಲಂ ಬೇಡ, ವೇಳೆಯೊಂದೇ ಸಾಕು ಎನ್ನುವವರು `C2/1440` ಎಂದಷ್ಟೇ ಬರೆದು `[h]:mm` ರೂಪ ಕೊಡಬೇಕು. ಆಗ ಹಾಸನ 25:25 ಆಗುತ್ತದೆ, ಮಂಗಳೂರು 29:30. ನೋಡಲು ವಿಚಿತ್ರವೆನಿಸಿದರೂ ಇದು ತಪ್ಪಲ್ಲ. ಸಾರಿಗೆ ವೇಳಾಪಟ್ಟಿಗಳನ್ನು ಜಗತ್ತಿನಾದ್ಯಂತ ಹಂಚಿಕೊಳ್ಳುವ ಜಿಟಿಎಫ್‌ಎಸ್ ಎಂಬ ರೂಪದಲ್ಲಿ ನಡುರಾತ್ರಿ ದಾಟಿದ ಟ್ರಿಪ್ಪನ್ನು ಹೀಗೆಯೇ ಬರೆಯಬೇಕು. ಅಲ್ಲಿ ದಿನವೆಂದರೆ ಕ್ಯಾಲೆಂಡರಿನದಲ್ಲ, ಆ ಬಸ್ಸಿನ ಸೇವೆಯ ದಿನ. ಬರಿಯ `hh:mm` ರೂಪ ಕೊಟ್ಟು ದಿನವನ್ನೂ ಬಿಟ್ಟರೆ ಮಾತ್ರ ಕಷ್ಟ. ಯಾರಾದರೂ ಆ ಕಾಲಂ ಅನ್ನು ವೇಳೆಯ ಪ್ರಕಾರ ಜೋಡಿಸಿದ ಕೂಡಲೇ ಬಸ್ಸು ಚನ್ನರಾಯಪಟ್ಟಣದಿಂದ ಹೊರಟು ಮಂಗಳೂರು ಮುಟ್ಟಿ, ಆಮೇಲೆ ಬೆಂಗಳೂರು ಬಿಡುತ್ತದೆ.