ಹೆಮ್ಮಾಡಿಯಲ್ಲಿ ಕುಳಿತು ಬೆಂಗಳೂರಿನ ಹೋಟೆಲಿನ ಲೆಕ್ಕ

ಕುಂದಾಪುರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಂದೂರಿನ ಕಡೆ ಹೊರಟರೆ ತಲ್ಲೂರು ದಾಟಿದ ಮೇಲೆ ಹೆಮ್ಮಾಡಿ ಸಿಗುತ್ತದೆ. ಅಲ್ಲಿಂದ ನೇರ ಹೋದರೆ ತ್ರಾಸಿ, ಮರವಂತೆಯ ಕಡಲು. ಬಲಕ್ಕೆ ತಿರುಗಿದರೆ ವಂಡ್ಸೆಯ ಮೇಲೆ ಕೊಲ್ಲೂರು. ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿರುವುದು ಹೆಚ್ಚಾಗಿ ಸೇವಂತಿಗೆಯಿಂದ. ಮಕರ ಸಂಕ್ರಮಣದ ಹೊತ್ತಿಗೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಹೋಗುವವರು ಹೆಮ್ಮಾಡಿಯ ಹಳದಿ ಸೇವಂತಿಗೆ ಹಿಡಿದುಕೊಂಡೇ ಹೋಗುತ್ತಾರೆ.

ಹೂವಿನ ಹಾಗೆ ಈ ಸೀಮೆಯಿಂದ ಹೊರಗೆ ಹೋದದ್ದು ಹೋಟೆಲ್ ಕಸುಬು. ಘಟ್ಟ ಹತ್ತಿ ಬೆಂಗಳೂರಿಗೆ ಹೋಗಿ ದರ್ಶಿನಿ, ಬೇಕರಿ, ಕಾಂಡಿಮೆಂಟ್ಸ್ ತೆರೆದವರ ಮನೆಗಳು ಕುಂದಾಪುರ, ಬೈಂದೂರು ತಾಲ್ಲೂಕುಗಳ ಉದ್ದಕ್ಕೂ ಇವೆ. ಹಿಂದೆ ಅಂಗಡಿಯ ಲೆಕ್ಕ ಮಾಲೀಕರ ಪುಸ್ತಕದಲ್ಲೂ ತಲೆಯಲ್ಲೂ ಇರುತ್ತಿತ್ತು. ಈಗ ಪ್ರತಿ ಇಡ್ಲಿಯ ದುಡ್ಡೂ ಯುಪಿಐ, ಬಿಲ್ಲಿಂಗ್ ಯಂತ್ರ, ಸ್ವಿಗ್ಗಿ, ಜೊಮ್ಯಾಟೊಗಳಲ್ಲಿ ಗುರುತು ಬಿಟ್ಟು ಹೋಗುತ್ತದೆ. ಆ ಗುರುತುಗಳನ್ನೆಲ್ಲ ಕೂಡಿಸಿ ಲೆಕ್ಕ ಬರೆಯುವವನು ಬೆಂಗಳೂರಿನಲ್ಲೇ ಇರಬೇಕಾಗಿಲ್ಲ. ಊರಿನಲ್ಲೇ ಉಳಿಯಬಯಸುವ ಬಿ.ಕಾಂ. ಓದಿದವರಿಗೆ, ಮಗ್ಗುಲ ಮನೆಯವರ ಬೆಂಗಳೂರಿನ ಅಂಗಡಿಯೇ ಮೊದಲ ಗಿರಾಕಿಯಾಗಬಹುದು.

ತಿಂಗಳಿಗೆ ಎಂಟು ಲಕ್ಷ ರೂಪಾಯಿ ವ್ಯಾಪಾರ ಮಾಡುವ ಒಂದು ದರ್ಶಿನಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆರು ಲಕ್ಷ ಕೌಂಟರಿನಲ್ಲಿ ಬಂದದ್ದು, ಎರಡು ಲಕ್ಷ ಆ್ಯಪ್‌ಗಳ ಮೂಲಕ ಹೋದದ್ದು. ಇಂಥ ಹೋಟೆಲಿಗೆ ಜಿಎಸ್‌ಟಿ ಶೇ 5, ಖರೀದಿಯ ಮೇಲೆ ಕೊಟ್ಟ ತೆರಿಗೆ ವಾಪಸು ಸಿಗುವುದಿಲ್ಲ. ಆದರೆ 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟ-ತಿಂಡಿಯ ತೆರಿಗೆಯನ್ನು ಕಟ್ಟಬೇಕಾದ್ದು ಆ್ಯಪ್ ಕಂಪನಿಯೇ. ಹಾಗಾಗಿ ಹೋಟೆಲಿನವರು ಆರು ಲಕ್ಷಕ್ಕೆ 30,000 ರೂಪಾಯಿ ಕಟ್ಟಿದರೆ ಸಾಕು. ಎಂಟು ಲಕ್ಷವನ್ನೂ ಒಟ್ಟಿಗೆ ಬರೆದರೆ 40,000 ಆಗುತ್ತದೆ. ಹತ್ತು ಸಾವಿರ ಎರಡು ಸಲ ಕಟ್ಟಿದಂತೆ. ರಿಟರ್ನ್‌ನಲ್ಲಿ ಆ್ಯಪ್ ಮಾರಾಟವನ್ನು ತೋರಿಸಲು ಬೇರೆಯೇ ಸಾಲು ಇದೆ. ಅದು ಖಾಲಿ ಇದ್ದರೆ ತಪ್ಪು ನಡೆದಿದೆ ಎಂದು ಅಲ್ಲಿಯೇ ತಿಳಿಯುತ್ತದೆ.

ಇದರ ಎದುರು ದಿಕ್ಕಿನ ತಪ್ಪೂ ಒಂದಿದೆ. ಆ್ಯಪ್ ಕಂಪನಿ ತನ್ನ ಕಮಿಷನ್ ಹಿಡಿದುಕೊಂಡೇ ಬ್ಯಾಂಕಿಗೆ ಹಣ ಹಾಕುತ್ತದೆ. ಕಮಿಷನ್ ಶೇ 22 ಎಂದುಕೊಂಡರೆ ಎರಡು ಲಕ್ಷಕ್ಕೆ 44,000, ಅದರ ಮೇಲೆ ಶೇ 18 ಜಿಎಸ್‌ಟಿ 7,920. ಸಣ್ಣಪುಟ್ಟ ಕಡಿತಗಳನ್ನು ಬಿಟ್ಟರೂ ಖಾತೆಗೆ ಬರುವುದು 1,48,080. ಬ್ಯಾಂಕ್ ಪುಸ್ತಕ ನೋಡಿ ಅಷ್ಟನ್ನೇ ಮಾರಾಟ ಎಂದು ಬರೆದರೆ ಸುಮಾರು 52,000 ರೂಪಾಯಿಯ ವ್ಯಾಪಾರ ಕಾಣೆಯಾದಂತೆ. ಆ್ಯಪ್ ಕಂಪನಿ ಪೂರ್ತಿ ಎರಡು ಲಕ್ಷವನ್ನೇ ಇಲಾಖೆಗೆ ತಿಳಿಸಿರುತ್ತದೆ. ಈ ಎರಡು ಅಂಕೆಗಳು ತಾಳೆಯಾಗದಿದ್ದಾಗಲೇ ನೋಟಿಸು ಬರುವುದು.

ಯುಪಿಐ ಲೆಕ್ಕದ ಬಿಸಿ ಎಂಥದ್ದು ಎಂದು 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳೆಲ್ಲ ಕಂಡವು. ಖಾತೆಗೆ ಬಂದ ಯುಪಿಐ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್‌ನಂಥ ಅಂಗಡಿಗಳಿಗೆ ನೋಟಿಸು ಕೊಟ್ಟಿತ್ತು. ವರ್ಷಕ್ಕೆ ಸರಕು ಮಾರುವವರು 40 ಲಕ್ಷ, ಸೇವೆ ಕೊಡುವವರು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೋಟೆಲ್ ಊಟ ಸೇವೆಯ ಲೆಕ್ಕಕ್ಕೆ ಬರುತ್ತದೆ. ಆದರೆ ಯುಪಿಐಗೆ ಬಂದದ್ದೆಲ್ಲ ತೆರಿಗೆ ಬೀಳುವ ವ್ಯಾಪಾರವಲ್ಲ. ತಮ್ಮನಿಂದ ಪಡೆದ ಕೈಸಾಲ, ಚೀಟಿಯ ಹಣ, ತೆರಿಗೆ ಇಲ್ಲದ ಹಾಲು ಮಾರಿದ್ದು, ಎಲ್ಲವೂ ಅದರಲ್ಲಿ ಸೇರಿರುತ್ತದೆ. ಆಯಾ ವಾರವೇ ಅವನ್ನು ಬಿಡಿಸಿ ಬರೆದಿಟ್ಟವನಿಗೆ ನಾಲ್ಕು ವರ್ಷದ ನಂತರ ಉತ್ತರ ಕೊಡಲು ಬರುತ್ತದೆ. ಬರೆದಿಡದವನು ಆಗ ಯಾವ ಹಣ ಯಾರದ್ದೆಂದು ನೆನಪಿನಿಂದ ಹೇಳಬೇಕಾಗುತ್ತದೆ.

ದೂರ ಕುಳಿತು ಮಾಡುವ ಈ ಕೆಲಸಕ್ಕೆ ಗಡುವು ಇದೆ. ಪ್ರತಿ ತಿಂಗಳ ರಿಟರ್ನ್ ಹಾಕುವವರು ಮಾರಾಟದ ವಿವರವನ್ನು 11ಕ್ಕೆ, ತೆರಿಗೆಯನ್ನು 20ಕ್ಕೆ ಮುಗಿಸಬೇಕು. ಹೆಮ್ಮಾಡಿಯಲ್ಲಿ ಎಲ್ಲ ತಯಾರಾದರೂ ಕೊನೆಗೆ ಸಲ್ಲಿಸುವಾಗ ಒಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ. ಮಧ್ಯಾಹ್ನ ಒಂದು ಗಂಟೆಗೆ ಕೌಂಟರಿನ ಎದುರು ಸಾಲು ನಿಂತಿರುವಾಗ ಆ ಸಂಖ್ಯೆ ಓದಿ ಹೇಳಲು ಅವರಿಗೆ ಪುರುಸೊತ್ತಿರುವುದಿಲ್ಲ. ಊಟದ ಗದ್ದಲ ಮುಗಿದು ಸಂಜೆಯ ಕಾಫಿ ಶುರುವಾಗುವ ಮೊದಲು, ಮೂರರಿಂದ ನಾಲ್ಕರೊಳಗೆ ಸಲ್ಲಿಸುವುದು ಒಳ್ಳೆಯದು. ಗಡುವು 20 ಎಂದು 20ರವರೆಗೂ ಕಾಯಬಾರದು. ಮಳೆಗಾಲದಲ್ಲಿ ನಮ್ಮ ಬದಿ ಮರ ಬಿದ್ದು ಕರೆಂಟು ಹೋಗುವುದೂ ಕೇಬಲ್ ಕಡಿಯುವುದೂ ಸಾಮಾನ್ಯ. ಮನೆಯ ಫೈಬರ್ ಪೆಟ್ಟಿಗೆಯ ಮೇಲೆ LOS ಎಂಬ ಕೆಂಪು ದೀಪ ಮಿನುಗಿದರೆ ಬೆಳಕಿನ ಸಂಕೇತವೇ ಮನೆಗೆ ಬರುತ್ತಿಲ್ಲ ಎಂದರ್ಥ. ಆಗ ರೂಟರ್ ಆಫ್ ಮಾಡಿ ಆನ್ ಮಾಡುತ್ತ ಕೂರದೆ ಕೇಬಲಿನವರಿಗೆ ಫೋನು ಮಾಡಿ, ಮೊಬೈಲ್ ಡೇಟಾದಲ್ಲಿ ಕೆಲಸ ಮುಗಿಸಬೇಕು.

ಇಷ್ಟೆಲ್ಲ ತಂತಿಯ ಮೇಲೆ ನಡೆದರೂ ಕೆಲವನ್ನು ಅಂಗಡಿಯಲ್ಲಿ ನಿಂತೇ ನೋಡಬೇಕು. ಬಿಲ್ ಇಲ್ಲದೆ ಬಂದ ತರಕಾರಿ, ಗಲ್ಲಾದಿಂದ ತೆಗೆದು ಹುಡುಗರಿಗೆ ಕೊಟ್ಟ ಮುಂಗಡ, ಉಗ್ರಾಣದಲ್ಲಿ ಉಳಿದ ಅಕ್ಕಿ-ಎಣ್ಣೆ, ಇವು ಮಾಲೀಕರು ಕಳಿಸುವ ಬಿಲ್ಲುಗಳ ಯಾವ ಫೋಟೊದಲ್ಲೂ ಸಿಗುವುದಿಲ್ಲ. ಪುಸ್ತಕದಲ್ಲಿ ಗಲ್ಲಾದ ಶಿಲ್ಕು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದು, ಮಾಲೀಕರು ಮಾತ್ರ ಕೈಯಲ್ಲಿ ದುಡ್ಡಿಲ್ಲ ಎನ್ನುತ್ತಿದ್ದರೆ, ಬರೆಯದ ಖರ್ಚು ಇದೆ ಎಂದೇ ತಿಳಿಯಬೇಕು. ಆಗ ಹೊರಡಬೇಕು. ವರ್ಷಕ್ಕೆ ನಾಲ್ಕು ಸಲ ಹೋಗಿ ಒಂದೊಂದು ದಿನ ಕುಳಿತರೆ ಒಂದು ಹೋಟೆಲಿಗೆ ಸಾಕಾಗುತ್ತದೆ.

ಇಲ್ಲಿ ಹೆಮ್ಮಾಡಿಯ ಜಾಗ ಅನುಕೂಲಕ್ಕೆ ಬರುತ್ತದೆ. ಹೆದ್ದಾರಿಯ ಮೇಲೇ ಇರುವ ಊರಾದ್ದರಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರೈಲು ಬೇಕಾದರೆ ಕುಂದಾಪುರದ ನಿಲ್ದಾಣ ಮೂಡ್ಲಕಟ್ಟೆಯಲ್ಲಿದೆ. ಕಾರವಾರ-ಬೆಂಗಳೂರು ರೈಲಿಗೆ ಈ ಸೀಮೆಯ ಐದು ನದಿಗಳ ಮೇಲೆಯೇ ಪಂಚಗಂಗಾ ಎಂಬ ಹೆಸರು. ಆದರೆ ಮಳೆಗಾಲವನ್ನು ನಂಬುವಂತಿಲ್ಲ. 2024ರ ಜುಲೈ ಕೊನೆಯಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ ಹಳಿಯ ಬಳಿ ಮಣ್ಣು ಕುಸಿದು ರೈಲುಗಳು ದಿನಗಟ್ಟಲೆ ನಿಂತಿದ್ದವು. ಶಿರಾಡಿ, ಬಾಳೆಬರೆ ಘಟ್ಟದ ರಸ್ತೆಗಳಲ್ಲೂ ಆಗಾಗ ತಡೆ ಬೀಳುತ್ತದೆ. ವರ್ಷದ ಲೆಕ್ಕ ಮುಗಿಯುವ ಏಪ್ರಿಲ್‌ನಲ್ಲೊಮ್ಮೆ, ಮಳೆಗೆ ಮೊದಲು ಮೇ ಕೊನೆಗೊಮ್ಮೆ, ಮಳೆ ಕಳೆದ ಮೇಲೆ ಅಕ್ಟೋಬರ್‌ನಲ್ಲಿ, ಸಂಕ್ರಾಂತಿ ಕಳೆದು ಜನವರಿಯಲ್ಲಿ ಭೇಟಿ ಇಟ್ಟುಕೊಂಡರೆ ಜುಲೈ-ಆಗಸ್ಟ್ ತಪ್ಪುತ್ತದೆ.

ಊರಿನವರೇ ಗಿರಾಕಿಯಾದಾಗ ಹಣದ ಮಾತು ಆಡಲು ಸಂಕೋಚವಾಗುತ್ತದೆ. ಆ ಸಂಕೋಚ ಇಬ್ಬರಿಗೂ ನಷ್ಟ. ತಿಂಗಳ ಸಂಬಳ ಎಷ್ಟು, ಬಿಲ್ಲುಗಳ ಫೋಟೊ ಯಾವ ತಾರೀಕಿನೊಳಗೆ ಬರಬೇಕು, ಬಸ್ಸಿನ ಖರ್ಚು ಯಾರದ್ದು ಎಂಬ ಮೂರನ್ನು ಮೊದಲ ದಿನವೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಬೆಂಗಳೂರಿನ ಹೋಟೆಲ್ ಮಾಲೀಕರಲ್ಲಿ ಒಂದು ಕೋರಿಕೆ: ಊರಿನ ಹುಡುಗನಿಗೋ ಹುಡುಗಿಗೋ ಲೆಕ್ಕದ ಕೆಲಸ ಕೊಡುವುದಾದರೆ ಭೇಟಿಯ ಖರ್ಚನ್ನೂ ಸಂಬಳದ ಜೊತೆಗೇ ಕೊಡಿ. ಗಲ್ಲಾವನ್ನು ವರ್ಷಕ್ಕೆ ನಾಲ್ಕು ಸಲವಾದರೂ ಕಣ್ಣಾರೆ ಕಾಣದವನ ಲೆಕ್ಕ ನಿಮ್ಮನ್ನು ನೋಟಿಸಿನಿಂದ ಕಾಪಾಡಲಾರದು.