ಯೂರೇಲ್ ಪಾಸ್ ಅಗ್ಗವೇ, ಬಿಡಿ ಟಿಕೆಟ್ ಅಗ್ಗವೇ?

ಪ್ರಶ್ನೆ: ಜರ್ಮನಿ, ಆಸ್ಟ್ರಿಯಾ, ಇಟಲಿ ಸುತ್ತಲು ಯೂರೇಲ್ ಪಾಸ್ ಕೊಂಡರೆ ಹಣ ಉಳಿಯುತ್ತದೆಯೇ?

ಉತ್ತರ: ಅದು ನೀವು ಟಿಕೆಟನ್ನು ಯಾವಾಗ ಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ. ಪಾಸಿನ ಬೆಲೆಯನ್ನು ಪ್ರಯಾಣದ ದಿನಗಳಿಂದ ಭಾಗಿಸಿ. ಒಂದು ತಿಂಗಳೊಳಗೆ 4 ದಿನ ಓಡಾಡುವ ಪಾಸಿಗೆ 280 ಯೂರೊ ಎಂದಿಟ್ಟುಕೊಂಡರೆ ದಿನಕ್ಕೆ 70 ಬಿತ್ತು. ಮ್ಯೂನಿಕ್–ವಿಯೆನ್ನಾ, ವಿಯೆನ್ನಾ–ವೆನಿಸ್ ದಾರಿಗಳಲ್ಲಿ ವಾರಗಳ ಮೊದಲೇ ಕಾದಿರಿಸಿದರೆ ರಿಯಾಯಿತಿ ಟಿಕೆಟ್ ಇದರ ಅರ್ಧಕ್ಕೂ ಸಿಗುವುದುಂಟು. ಅಂಥ ಟಿಕೆಟ್ ಸಾಮಾನ್ಯವಾಗಿ ಆ ರೈಲಿಗೆ ಮಾತ್ರ. ತಪ್ಪಿಸಿಕೊಂಡರೆ ಹಣ ಹೋದಂತೆ.

ಹೆಚ್ಚಿನವರು ಮರೆಯುವ ಖರ್ಚು ಸೀಟಿನದು. ಇಟಲಿಯ ಫ್ರೆಚ್ಚಾರೋಸ್ಸ, ಫ್ರಾನ್ಸಿನ ಟಿಜಿವಿ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ಹಣ ಕಟ್ಟಲೇಬೇಕು. ಪಾಸಿನವರಿಗೆ ಮೀಸಲಾದ ಸೀಟುಗಳು ಮುಗಿದುಬಿಡುವುದೂ ಉಂಟು. ಜರ್ಮನಿ, ಆಸ್ಟ್ರಿಯಾದ ಹೆಚ್ಚಿನ ಹಗಲು ರೈಲುಗಳಿಗೆ ಈ ಕಟ್ಟುಪಾಡಿಲ್ಲ, ಬಂದ ರೈಲು ಹತ್ತಬಹುದು. ಪಾಸಿನ ನಿಜವಾದ ಬೆಲೆ ತಿಳಿಯುವುದು ಅಲ್ಲೇ.

ದಿನಾಂಕ, ಊರು ನಿಗದಿಯಾಗಿದ್ದರೆ ಬಿಡಿ ಟಿಕೆಟ್ ಕೊಳ್ಳಿ. ಒಂದೇ ದಿನ ಎರಡು ಮೂರು ಕಡೆ ಇಳಿದು ಹತ್ತುವವರು, ಹೊರಡುವ ದಿನವೇ ಟಿಕೆಟ್ ಕೊಳ್ಳುವವರು ಪಾಸ್ ತೆಗೆದುಕೊಳ್ಳಲಿ. ಜೊತೆಗೆ 12 ತುಂಬದ ಮಕ್ಕಳಿದ್ದರೆ ಪಾಸಿನ ತಕ್ಕಡಿ ಇನ್ನೂ ತೂಗುತ್ತದೆ. ವಯಸ್ಕರೊಬ್ಬರ ಜೊತೆ ಇಬ್ಬರು ಮಕ್ಕಳಿಗೆ ಪಾಸ್ ಉಚಿತ.