ಮಣ್ಣಿನ ಗಣಪ, ಹಾವಿನ ಕಥೆ

ಅಮೆರಿಕದ ಕನ್ನಡ ಕೂಟಗಳು ನಡೆಸುವ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಚೌತಿ ಹತ್ತಿರ ಬಂತೆಂದರೆ ಮಕ್ಕಳ ಕೈಗೆ ಜೇಡಿಮಣ್ಣು ಬರುತ್ತದೆ.

ದೊಡ್ಡ ಉಂಡೆ ಹೊಟ್ಟೆ, ಸಣ್ಣದು ತಲೆ, ಉದ್ದಕ್ಕೆ ಹೊಸೆದದ್ದು ಸೊಂಡಿಲು. ಅಂಟಿಸುವ ಜಾಗವನ್ನು ಕಡ್ಡಿಯಿಂದ ಗೀರಿ, ನೀರು ಬೆರೆಸಿದ ತೆಳು ಮಣ್ಣು ಸವರದಿದ್ದರೆ ಒಣಗುವಾಗ ಸೊಂಡಿಲು ಕಳಚಿ ಬೀಳಬಹುದು.

ಹೊಟ್ಟೆಗೆ ಹಾವು ಸುತ್ತುವ ಹೊತ್ತಿಗೆ ಕಥೆ ಶುರು: ಕಡುಬು ತಿಂದು ಇಲಿಯೇರಿ ಹೊರಟ ಗಣಪ ಬಿದ್ದದ್ದು, ಒಡೆದ ಹೊಟ್ಟೆಗೆ ಹಾವನ್ನೇ ಬಿಗಿದದ್ದು, ನಕ್ಕ ಚಂದ್ರ ಶಾಪ ಪಡೆದದ್ದು. ಕೈಯಲ್ಲಿರುವ ಮಣ್ಣಿನ ಹಾವನ್ನೇ ಹಿಡಿದು ಮಕ್ಕಳು ಕಥೆಯನ್ನು ಕನ್ನಡದಲ್ಲಿ ಮತ್ತೆ ಹೇಳುತ್ತಾರೆ.

ಅಂಗಡಿಯ ಕೆಲವು ಕೃತಕ ಜೇಡಿ ನೀರಿನಲ್ಲಿ ಕರಗುವುದಿಲ್ಲ. ಮೊದಲೇ ಒಂದು ಚೂರನ್ನು ಒಣಗಿಸಿ ನೀರಿಗೆ ಹಾಕಿ ನೋಡಿದರೆ ತಿಳಿಯುತ್ತದೆ. ಸುಡದ ಸಹಜ ಮಣ್ಣಾದರೆ ಬಕೆಟ್ಟಿನಲ್ಲೇ ಕರಗುತ್ತದೆ; ಬಣ್ಣ ಬಳಿಯದಿದ್ದರೆ ಆ ನೀರನ್ನು ಗಿಡಕ್ಕೆ ಹಾಕಬಹುದು.